ಒಂದೇ ಹೊಯ್ಗೆಗೆ ಎರಡು ಘರ್ಷಣಾ ಗುಣಾಂಕವೇ?

ಪ್ರಶ್ನೆ: ಸರ್, ನಾನು ಕುಂಬಳೆ ಹತ್ತಿರದ ಶಾಲೆಯಲ್ಲಿ ಪ್ಲಸ್ ವನ್ ಓದುತ್ತಿದ್ದೇನೆ. ಆಂಗಲ್ ಆಫ್ ರಿಪೋಸ್‌ನ ಟ್ಯಾನ್ ತೆಗೆದರೆ ಅದೇ ಘರ್ಷಣಾ ಗುಣಾಂಕ ಅಂತ ನಮಗೆ ಕಲಿಸಿದ್ದಾರೆ. ಒಣ ಹೊಯ್ಗೆಯನ್ನು ತಟ್ಟೆಗೆ ಸುರಿದು ರಾಶಿ ಮಾಡಿದೆವು. 34 ಡಿಗ್ರಿ ಬಂತು, ಅಂದರೆ 0.67. ಅದೇ ಹೊಯ್ಗೆಯನ್ನು ಟ್ರೇಯಲ್ಲಿ ತುಂಬಿ, ಚೆನ್ನಾಗಿ ತಟ್ಟಿ ಸಮ ಮಾಡಿ, ಒಂದು ಕಡೆಯಿಂದ ಎತ್ತಿದೆವು. ಅದು ಜಾರಿದ್ದು 38–39 ಡಿಗ್ರಿಗೆ, ಅಂದರೆ ಸುಮಾರು 0.8. ಸ್ವಲ್ಪ ಪಸೆ ಇದ್ದ ಹೊಯ್ಗೆ 50 ಡಿಗ್ರಿ ದಾಟಿದರೂ ನಿಂತಿತ್ತು! ಯಾವುದು ನಿಜವಾದ ಗುಣಾಂಕ? ಅದು ಯಾವುದರ ಮೇಲೆ ಯಾವುದು ಉಜ್ಜುವ ಘರ್ಷಣೆ? ರೆಕಾರ್ಡ್‌ನಲ್ಲಿ ಏನು ಬರೆಯಲಿ?

ಉತ್ತರ:

ನಿಮ್ಮ ಮೂರು ಅಳತೆಗಳಲ್ಲೂ ತಪ್ಪಿಲ್ಲ. ಮೂರೂ ಬೇರೆ ಬೇರೆ ಸಂಗತಿಗಳನ್ನು ಹೇಳುತ್ತಿವೆ, ಅಷ್ಟೆ. ರೆಕಾರ್ಡ್‌ಗೆ 34 ಡಿಗ್ರಿ ಬರೆಯಿರಿ. 38–39ನ್ನೂ ಬರೆಯಿರಿ, ಆದರೆ ಬೇರೆ ಹೆಸರಿನಲ್ಲಿ. ಪಸೆ ಹೊಯ್ಗೆಯ 50ನ್ನು ಮಾತ್ರ ಟ್ಯಾನ್ ತೆಗೆದು ಗುಣಾಂಕ ಅನ್ನಬೇಡಿ. ಯಾಕೆ ಅಂತ ನೋಡೋಣ.

ಮೊದಲು ನಿಮಗೆ ಕಲಿಸಿದ ಸೂತ್ರ ಎಲ್ಲಿಂದ ಬಂತು ನೋಡಿ. ಹಲಗೆಯ ಮೇಲೆ ಒಂದು ಮರದ ತುಂಡು ಇಟ್ಟು ಹಲಗೆಯನ್ನು ಮೆಲ್ಲಗೆ ಎತ್ತುತ್ತೀರಿ. ತುಂಡಿನ ತೂಕ W, ಹಲಗೆಯ ಓರೆ θ. ತುಂಡನ್ನು ಕೆಳಗೆ ಎಳೆಯುವ ಬಲ W sinθ. ತುಂಡು ಹಲಗೆಯನ್ನು ಒತ್ತುವ ಬಲ W cosθ. ಘರ್ಷಣೆ ಹೆಚ್ಚೆಂದರೆ ಈ ಒತ್ತುವ ಬಲದ μ ಪಾಲಿನಷ್ಟು ತಡೆಯಬಲ್ಲದು. ಜಾರಲು ಶುರುವಾಗುವ ಕ್ಷಣದಲ್ಲಿ ಎಳೆಯುವುದೂ ತಡೆಯುವುದೂ ಸಮ:

W sinθ = μ W cosθ, ಆದ್ದರಿಂದ tanθ = μ

ಎರಡೂ ಕಡೆ W ಇದೆ, ಹೊಡೆದು ಹೋಗುತ್ತದೆ. ತುಂಡು ಹಗುರವೋ ಭಾರವೋ ಲೆಕ್ಕಕ್ಕೆ ಬರುವುದಿಲ್ಲ. ಇಲ್ಲಿ μ ಯಾವುದರದ್ದು ಎಂಬ ಗೊಂದಲವೂ ಇಲ್ಲ. ತುಂಡಿನ ಅಡಿ ಮತ್ತು ಹಲಗೆಯ ಮೈ, ಈ ಎರಡರ ನಡುವಿನದ್ದು.

ಈಗ ರಾಶಿಗೆ ಬನ್ನಿ. ರಾಶಿಯಲ್ಲಿ ಹಲಗೆ ಎಲ್ಲಿದೆ? ತುಂಡು ಎಲ್ಲಿದೆ? ಎರಡನ್ನೂ ನಾವೇ ಕಲ್ಪಿಸಿಕೊಳ್ಳಬೇಕು. ರಾಶಿಯ ಓರೆಗೆ ಸಮಾಂತರವಾಗಿ 5 ಸೆಂಟಿಮೀಟರ್ ಒಳಗೆ ಒಂದು ಗೆರೆ ಎಳೆದಿದ್ದೇವೆ ಎಂದುಕೊಳ್ಳಿ. ಗೆರೆಯ ಮೇಲಿನ ಹೊಯ್ಗೆ ತುಂಡು, ಕೆಳಗಿನ ಹೊಯ್ಗೆ ಹಲಗೆ. ಸಡಿಲವಾಗಿ ಸುರಿದ ಒಣ ಹೊಯ್ಗೆ ಒಂದು ಘನ ಮೀಟರ್‌ಗೆ ಸುಮಾರು 1500 ಕಿಲೊ ತೂಗುತ್ತದೆ. ಹಾಗಾದರೆ ಓರೆಯ ಒಂದು ಚದರ ಮೀಟರ್ ಜಾಗದಲ್ಲಿ ಈ 5 ಸೆಂಟಿಮೀಟರ್ ಪದರ 75 ಕಿಲೊ. ಓರೆ 34 ಡಿಗ್ರಿ ಇದ್ದರೆ ಕೆಳಗೆ ಎಳೆಯುವ ಪಾಲು ಸುಮಾರು 42 ಕಿಲೊ ತೂಕದಷ್ಟು. ಒತ್ತುವ ಪಾಲು ಸುಮಾರು 62 ಕಿಲೊ ತೂಕದಷ್ಟು. ಭಾಗಿಸಿದರೆ 0.67.

ಇದೇ ಗೆರೆಯನ್ನು 10 ಸೆಂಟಿಮೀಟರ್ ಆಳದಲ್ಲಿ ಎಳೆಯಿರಿ. ಎಳೆಯುವುದು 84, ಒತ್ತುವುದು 124. ಭಾಗಿಸಿದರೆ ಮತ್ತೆ ಅದೇ. ಎಷ್ಟು ಆಳಕ್ಕೆ ಹೋದರೂ ಎರಡೂ ಒಟ್ಟಿಗೇ ಬೆಳೆಯುತ್ತವೆ. ಅದಕ್ಕೇ ಒಣ ಹೊಯ್ಗೆಯ ರಾಶಿ ಅಂಗೈಯಷ್ಟು ಇರಲಿ, ಟಿಪ್ಪರ್ ಮಗುಚಿದಷ್ಟು ಇರಲಿ, ಓರೆ ಹೆಚ್ಚುಕಡಿಮೆ ಒಂದೇ. ಮೇಲಿಂದ ಇನ್ನಷ್ಟು ಸುರಿದರೆ ರಾಶಿ ಕಡಿದಾಗುವುದಿಲ್ಲ. ಸುರಿದದ್ದು ಜಾರಿ ಕೆಳಗೆ ಹೋಗುತ್ತದೆ. ರಾಶಿ ಎತ್ತರವೂ ಆಗುತ್ತದೆ, ಅಗಲವೂ ಆಗುತ್ತದೆ.

ಹಾಗಾಗಿ tanθ = μ ರಾಶಿಗೂ ಸರಿಯೇ. ಆದರೆ ಈ μ, ಒಂದು ಪದರ ಹೊಯ್ಗೆ ಇನ್ನೊಂದು ಪದರ ಹೊಯ್ಗೆಯ ಮೇಲೆ ಜಾರುವಾಗಿನ ಗುಣಾಂಕ. ಮಣ್ಣಿನ ಎಂಜಿನಿಯರಿಂಗ್‌ನಲ್ಲಿ ಇದನ್ನು ಆಂತರಿಕ ಘರ್ಷಣೆ ಎನ್ನುತ್ತೇವೆ. ಒಂದು ಕಾಳು ಇನ್ನೊಂದು ಕಾಳಿನ ಮೈಮೇಲೆ ಉಜ್ಜುವ ಘರ್ಷಣೆ ಇದಲ್ಲ. ನಿಮ್ಮ ಗೊಂದಲದ ಬೇರು ಇಲ್ಲೇ ಇದೆ. ಬಹಳ ಮಂದಿ ಎರಡನ್ನೂ ಒಂದೇ ಎಂದುಕೊಳ್ಳುತ್ತಾರೆ.

ನಮ್ಮ ಹೊಯ್ಗೆಯಲ್ಲಿ ಹೆಚ್ಚಿನ ಪಾಲು ಬೆಣಚುಕಲ್ಲಿನ ಕಾಳು. ಬೆಣಚಿನ ಮೇಲೆ ಬೆಣಚು ಜಾರುವ ಕೋನ ಸಾಮಾನ್ಯವಾಗಿ 26 ಡಿಗ್ರಿಯ ಆಸುಪಾಸು ಎಂದು ಲೆಕ್ಕ ಹಿಡಿಯುತ್ತೇವೆ. ಟ್ಯಾನ್ ತೆಗೆದರೆ 0.49. ಮೈ ಎಷ್ಟು ಚೊಕ್ಕಟ, ಕಾಳು ಎಷ್ಟು ದಪ್ಪ ಎಂಬುದರ ಮೇಲೆ ಇದು ಏರಿಳಿಯುತ್ತದೆ. ಆದರೂ ನಿಮ್ಮ ರಾಶಿಯ 0.67 ಇದಕ್ಕಿಂತ ತುಂಬ ಮೇಲೆ. ಉಳಿದದ್ದು ಎಲ್ಲಿಂದ ಬಂತು?

ಕಾಳುಗಳ ಜೋಡಣೆಯಿಂದ. ಒಂದು ಕಾಳು ತನ್ನ ಕೆಳಗಿನ ಮೂರು ಕಾಳುಗಳ ನಡುವಿನ ಕುಳಿಯಲ್ಲಿ ಕೂತಿರುತ್ತದೆ. ಅದು ಹೊರಡಬೇಕಾದರೆ ಮೊದಲು ಆ ಕುಳಿಯಿಂದ ಮೇಲೆ ಹತ್ತಬೇಕು. ಹತ್ತುವುದಕ್ಕೆ ಬಲ ಬೇಕು, ಉಜ್ಜುವಿಕೆ ಇಲ್ಲದಿದ್ದರೂ ಬೇಕು. ಅದೂ ಅಲ್ಲದೆ ಎಲ್ಲ ಕಾಳುಗಳೂ ಸಾಲಾಗಿ ಕೆಳಗಿನ ದಿಕ್ಕಿಗೇ ಜಾರುವುದಿಲ್ಲ. ಒಂದು ಎಡಕ್ಕೆ ತಿರುಗುತ್ತದೆ, ಒಂದು ಉರುಳುತ್ತದೆ, ಒಂದು ಪಕ್ಕದ್ದನ್ನು ತಳ್ಳಿ ದಾರಿ ಮಾಡಿಕೊಳ್ಳುತ್ತದೆ. ಈ ತಳ್ಳಾಟದಲ್ಲಿ ಖರ್ಚಾಗುವ ಶಕ್ತಿಯೆಲ್ಲ ಒಟ್ಟು ತಡೆಯ ಲೆಕ್ಕಕ್ಕೇ ಸೇರುತ್ತದೆ.

ಇದು ಬರೀ ಮಾತಲ್ಲ, ಪರೀಕ್ಷೆ ಮಾಡಿ ನೋಡಿದ್ದಾರೆ. 1969ರಲ್ಲಿ ಸ್ಕಿನ್ನರ್ ಎಂಬವರು ಸಣ್ಣ ಗಾಜಿನ ಮಣಿಗಳನ್ನು ತೆಗೆದುಕೊಂಡರು. ಒಣ ಗಾಜು ಗಾಜಿನ ಮೇಲೆ ಸುಲಭವಾಗಿ ಜಾರುತ್ತದೆ. ಅದೇ ನೀರಿನಲ್ಲಿ ಮುಳುಗಿಸಿದರೆ ಮಣಿಗೂ ಮಣಿಗೂ ನಡುವಿನ ಘರ್ಷಣೆ ಎಷ್ಟೋ ಪಟ್ಟು ಏರುತ್ತದೆ. ಹಾಗಾದರೆ ಮಣಿಗಳ ಒಟ್ಟಿಲಿನ ಗಟ್ಟಿತನವೂ ಏರಬೇಕು ಅಲ್ವಾ? ಏರಲಿಲ್ಲ. ಒಣಗಿದ್ದಾಗಲೂ ಮುಳುಗಿದ್ದಾಗಲೂ ಒಟ್ಟಿಲು ಹೆಚ್ಚುಕಡಿಮೆ ಅಷ್ಟೇ ತಡೆ ಕೊಟ್ಟಿತು. ಕಾಳುಗಳ ನಡುವೆ ಘರ್ಷಣೆ ಜಾಸ್ತಿಯಾದರೆ ಅವು ಜಾರುವುದನ್ನು ಬಿಟ್ಟು ಉರುಳಲು ಶುರು ಮಾಡುತ್ತವೆ. ಉರುಳುವುದಕ್ಕೆ ಆ ಘರ್ಷಣೆ ಅಡ್ಡಿಯೇ ಅಲ್ಲ.

ಇನ್ನೊಂದು ತುದಿಯೂ ಇದೆ. ಸ್ವಲ್ಪವೂ ಘರ್ಷಣೆ ಇಲ್ಲದ ಉರುಟು ಗೋಲಿಗಳನ್ನು ಕಂಪ್ಯೂಟರ್ ಲೆಕ್ಕದಲ್ಲಿ ಒಟ್ಟು ಹಾಕಿದರೂ ಆ ಒಟ್ಟಿಲು ಸುಮಾರು 6 ಡಿಗ್ರಿಯ ಓರೆಯಷ್ಟು ತಡೆಯುತ್ತದೆ. ಕಾಳಿನ ಘರ್ಷಣೆ ಸೊನ್ನೆ, ಒಟ್ಟಿಲಿನ ಘರ್ಷಣೆ ಸೊನ್ನೆಯಲ್ಲ. ಆದ್ದರಿಂದ ರಾಶಿಯ ಕೋನ ನೋಡಿ ಕಾಳಿನ ಮೈಯ ಗುಣಾಂಕ ಹೇಳಲು ಹೊರಟರೆ ಲೆಕ್ಕ ತಪ್ಪುತ್ತದೆ. ಕಾಳಿನ ಆಕಾರವೂ ಇದರಲ್ಲಿ ಸೇರಿಕೊಂಡಿದೆ. ನೀರಿನಲ್ಲಿ ಉರುಳಿ ಉರುಟಾದ ಹೊಯ್ಗೆಯ ರಾಶಿ ತಗ್ಗಾಗಿ ಕೂರುತ್ತದೆ. ಕ್ರಷರ್‌ನಿಂದ ಬರುವ ಎಂ ಸ್ಯಾಂಡ್‌ನ ಕಾಳಿಗೆ ಮೂಲೆ ಜಾಸ್ತಿ, ಅದರ ರಾಶಿ ಕಡಿದು. ಹುಡಿಯನ್ನು ತೊಳೆದು ತೆಗೆದ ಮೇಲೂ ಈ ವ್ಯತ್ಯಾಸ ಕಾಣುತ್ತದೆ.

ಇನ್ನು ನಿಮ್ಮ 38–39 ಡಿಗ್ರಿ. ನನಗೆ ಇದೇ ಹೆಚ್ಚು ಖುಷಿ ಕೊಟ್ಟದ್ದು. ನೀವು ಬರೆದ ಒಂದು ಮಾತಿನಲ್ಲಿ ಉತ್ತರವೂ ಇದೆ: ‘ಚೆನ್ನಾಗಿ ತಟ್ಟಿ ಸಮ ಮಾಡಿ’.

ತಟ್ಟಿದಾಗ ಕಾಳುಗಳು ಒತ್ತಾಗಿ ಕೂರುತ್ತವೆ. ಕುಳಿ ಆಳವಾಗುತ್ತದೆ, ನಡುವಿನ ಖಾಲಿ ಜಾಗ ಕಡಿಮೆಯಾಗುತ್ತದೆ. ಹಾಗೆ ಒತ್ತಾಗಿ ಕೂತದ್ದು ಜಾರಬೇಕಾದರೆ ಮೊದಲು ಉಬ್ಬಬೇಕು. ಒಂದು ಪದರ ಇನ್ನೊಂದರ ಮೇಲೆ ಹತ್ತಿದರೆ ಮಾತ್ರ ಮುಂದಕ್ಕೆ ಹೋಗಲು ಜಾಗ. ಈ ಉಬ್ಬುವ ಗುಣವನ್ನು 1885ರಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ವಿವರಿಸಿದರು. ನೀವು ಅದನ್ನು ಕುಂಬಳೆಯ ಕಡಲ ಕರೆಯಲ್ಲೇ ನೋಡಬಹುದು. ತೆರೆ ಈಗಷ್ಟೇ ಹಿಂದೆ ಹೋದ ಗಟ್ಟಿ ಹೊಯ್ಗೆಯ ಮೇಲೆ ಕಾಲಿಡಿ. ಪಾದದ ಸುತ್ತ ಒಂದು ಗೇಣಿನಷ್ಟು ಜಾಗ ಒಮ್ಮೆಲೇ ಬೆಳ್ಳಗೆ, ಒಣಗಿದಂತೆ ಕಾಣುತ್ತದೆ. ನಿಮ್ಮ ಭಾರಕ್ಕೆ ಹೊಯ್ಗೆ ಸರಿಯುವಾಗ ಉಬ್ಬಿತು. ಕಾಳುಗಳ ನಡುವೆ ಜಾಗ ಹೆಚ್ಚಾಯಿತು. ಮೇಲಿದ್ದ ನೀರು ಒಳಗೆ ಇಳಿಯಿತು. ಕಾಲು ತೆಗೆದರೆ ಅಲ್ಲಿ ನೀರು ಒಸರುತ್ತದೆ.

ಟ್ರೇಯ ಹೊಯ್ಗೆಗೆ ಹಾಗೆ ಉಬ್ಬಲು ಬೇಕಾದ ಹೆಚ್ಚಿನ ಬಲವೇ ನಿಮ್ಮ ಆ ನಾಲ್ಕೈದು ಡಿಗ್ರಿ. ಒಮ್ಮೆ ಜಾರಲು ಶುರುವಾದ ಮೇಲೆ ಆ ಪದರ ಸಡಿಲವಾಗಿಬಿಡುತ್ತದೆ. ಆಗ ಹೆಚ್ಚಿನ ತಡೆ ಉಳಿಯುವುದಿಲ್ಲ. ಹಾಗಾಗಿ ಜಾರಿದ ಹೊಯ್ಗೆ 38ರಲ್ಲಿ ನಿಲ್ಲದೆ ಇನ್ನೂ ಕೆಳಗೆ ಇಳಿದು ನಿಲ್ಲುತ್ತದೆ. ಎಷ್ಟಕ್ಕೆ ನಿಂತಿತು ಎಂದು ನೀವು ಬರೆದಿಲ್ಲ. ಮುಂದಿನ ಸಲ ಅದನ್ನೂ ಅಳೆಯಿರಿ. ನಿಮ್ಮ ರಾಶಿಯ 34ರ ಹತ್ತಿರಕ್ಕೇ ಬರಬೇಕು.

ಹೀಗಾಗಿ ಹೊಯ್ಗೆಗೆ ಎರಡು ಕೋನ. ಒಂದು ಹೊರಡುವ ಕೋನ, ಇನ್ನೊಂದು ನಿಲ್ಲುವ ಕೋನ. ನೀವು ಆಂಗಲ್ ಆಫ್ ರಿಪೋಸ್ ಅಂದಿರಲ್ಲ, ಆ ವಿಶ್ರಾಂತಿ ಕೋನ ಎಂದು ಹೇಳಬೇಕಾದದ್ದು ನಿಲ್ಲುವ ಕೋನವನ್ನು. ಸಡಿಲವಾಗಿ ಸುರಿದ ರಾಶಿಯಲ್ಲೂ ಈ ಎರಡು ಇವೆ, ಆದರೆ ನಡುವಿನ ಅಂತರ ಎರಡು ಡಿಗ್ರಿಯಷ್ಟು ಮಾತ್ರ. ರಾಶಿಯ ತುದಿಗೆ ಚಿಟಿಕೆ ಚಿಟಿಕೆಯಾಗಿ ಉದುರಿಸುತ್ತ ಬನ್ನಿ, ಹತ್ತಿರ ಕೂತು ನೋಡಿ. ಸ್ವಲ್ಪ ಹೊತ್ತು ಏನೂ ಆಗುವುದಿಲ್ಲ, ತುದಿ ಮಾತ್ರ ಕಡಿದಾಗುತ್ತ ಹೋಗುತ್ತದೆ. ಆಮೇಲೆ ಒಂದು ಬದಿಯಲ್ಲಿ ಕೆಲವೇ ಕಾಳು ದಪ್ಪದ ತೆಳು ಪದರ ಸರ್ರನೆ ಇಳಿಯುತ್ತದೆ. ಬುಡದ ಹತ್ತಿರ ನಿಂತುಬಿಡುತ್ತದೆ. ಒಳಗಿನ ಹೊಯ್ಗೆ ಕದಲುವುದೇ ಇಲ್ಲ. ಮತ್ತೆ ಮೌನ, ಮತ್ತೆ ಇನ್ನೊಂದು ಬದಿಯಲ್ಲಿ ಜಾರಿಕೆ. ಜಾರುವ ಮುಂಚೆ ಅಳೆದವರಿಗೆ 35–36 ಬರುತ್ತದೆ, ಜಾರಿದ ಮೇಲೆ ಅಳೆದವರಿಗೆ 33–34. ಒಂದೇ ಬೆಂಚಿನ ಇಬ್ಬರು ಜಗಳಾಡುವುದು ಇದಕ್ಕೇ.

ಎಂಜಿನಿಯರುಗಳಿಗೆ ಈ ನಿಲ್ಲುವ ಕೋನ ಯಾಕೆ ಮುಖ್ಯ ಗೊತ್ತಾ? ಅದು ಹೊಯ್ಗೆ ಅತಿ ಸಡಿಲವಾಗಿದ್ದಾಗಿನ ತಡೆ. ತಟ್ಟಿ ಕೂರಿಸಿದರೆ ಇದಕ್ಕಿಂತ ಜಾಸ್ತಿ ಸಿಗುತ್ತದೆ, ಕಡಿಮೆಯಂತೂ ಆಗುವುದಿಲ್ಲ. ಗಟ್ಟಿಯಾಗಿ ಕೂತ ಒಣ ಹೊಯ್ಗೆ, ಪೆಟ್ಟಿಗೆಯಲ್ಲಿ ತುಂಬಿ ಅಡ್ಡಕ್ಕೆ ಜಾರಿಸಿ ನೋಡುವ ಲ್ಯಾಬ್ ಪರೀಕ್ಷೆಯಲ್ಲಿ 40 ಡಿಗ್ರಿ ದಾಟುವುದೂ ಉಂಟು. ಆದರೆ ಅದು ಜಾರುವವರೆಗಿನ ಗಟ್ಟಿತನ, ಜಾರಿದ ಮೇಲೆ ಹೋಗುತ್ತದೆ. ತಡೆಗೋಡೆ ಕಟ್ಟುವವರು ಯಾವುದನ್ನು ನಂಬಬೇಕು ಎಂಬುದು ಹಳೆಯ ಚರ್ಚೆ. ನನ್ನನ್ನು ಕೇಳಿದರೆ, ಸುಮ್ನೆ ಸುರಿದು ತುಂಬಿಸಿದ ಜಾಗದಲ್ಲಿ ನಿಲ್ಲುವ ಕೋನಕ್ಕಿಂತ ಒಂದು ಡಿಗ್ರಿಯೂ ಜಾಸ್ತಿ ಹಿಡಿಯಬಾರದು.

ಈಗ ಅಳೆಯುವ ಕ್ರಮಕ್ಕೆ ಬರೋಣ. ಎರಡು ಅಳತೆಯನ್ನೂ ಇನ್ನೊಮ್ಮೆ ಮಾಡಿ, ಹೀಗೆ.

ಹೊಯ್ಗೆ ಮೊದಲು ನಿಜಕ್ಕೂ ಒಣಗಿರಬೇಕು. ಕಡಲ ಕರೆಯ ಹೊಯ್ಗೆಯಾದರೆ ಅದರಲ್ಲಿ ಉಪ್ಪು ಇರುತ್ತದೆ. ಉಪ್ಪು ನಮ್ಮ ಕರಾವಳಿಯ ಗಾಳಿಯಿಂದ ಪಸೆ ಎಳೆದುಕೊಳ್ಳುತ್ತದೆ. ಬೆಳಗ್ಗೆ ಒಣಗಿದ್ದದ್ದು ಸಂಜೆಗೆ ಅಂಟಂಟು. ಹಾಗಾಗಿ ಬಾವಿ ನೀರಿನಲ್ಲಿ ನಾಲ್ಕೈದು ಸಲ ತೊಳೆಯಿರಿ. ಬಿಸಿಲಿಗೆ ಹಾಕಿ. ಮಳೆಗಾಲದಲ್ಲಿ ಬಿಸಿಲು ನಂಬುವ ಹಾಗಿಲ್ಲ, ಹಳೆಯ ಬಾಣಲೆಯಲ್ಲಿ ಹುರಿಯಿರಿ. ಸಟ್ಟುಗದಲ್ಲಿ ಎತ್ತಿ ಸುರಿದಾಗ ಅದರ ಮೈಗೆ ಒಂದು ಕಾಳೂ ಅಂಟದಿದ್ದರೆ ಸಾಕು. ಪೂರ್ತಿ ತಣಿದ ಮೇಲೆ ಬಳಸಿ. ಕಿಟಕಿಗೆ ಹಾಕುವ ಸೊಳ್ಳೆ ಜಾಲರಿಯಲ್ಲಿ ಒಮ್ಮೆ ಜರಡಿ ಹಿಡಿದರೆ ದಪ್ಪ ಕಲ್ಲು, ಚಿಪ್ಪಿನ ಚೂರು ಹೋಗುತ್ತದೆ. ಕಾಳು ಬೇರೆ ಬೇರೆ ಗಾತ್ರದ್ದಾದರೆ ದಪ್ಪದ್ದು ಉರುಳಿ ಬುಡ ಸೇರುತ್ತದೆ, ಸಣ್ಣದ್ದು ಮೇಲೆ ಉಳಿಯುತ್ತದೆ. ಆಗ ಒಂದೇ ರಾಶಿಯ ಬುಡಕ್ಕೂ ತುದಿಗೂ ಬೇರೆ ಬೇರೆ ಓರೆ.

ರಾಶಿಯನ್ನು ನುಣುಪಾದ ಟೈಲ್ ಮೇಲೆ ಹಾಕಬೇಡಿ. ಬುಡದ ಕಾಳುಗಳು ಟೈಲ್ ಮೇಲೆ ಹೊರಗೆ ಜಾರಿ ರಾಶಿ ಚಪ್ಪಟೆಯಾಗುತ್ತದೆ. ಆಗ ನೀವು ಅಳೆಯುವುದು ಟೈಲ್‌ನ ಗುಣವನ್ನೂ ಸೇರಿಸಿ. ಸಣ್ಣ ಅಂಚು ಇರುವ ಡಬ್ಬಿಯ ಮುಚ್ಚಳ ತೆಗೆದುಕೊಳ್ಳಿ. ಅಗಲ 20 ಸೆಂಟಿಮೀಟರ್ ಆಸುಪಾಸು ಇರಲಿ. ಮುಚ್ಚಳ ತುಂಬಿ, ಅಂಚಿನಿಂದ ಸುತ್ತಲೂ ಹೊಯ್ಗೆ ಹೊರಗೆ ಬೀಳುವವರೆಗೆ ಸುರಿಯಿರಿ. ಆಗ ರಾಶಿಯ ಅಗಲ ನಿಮಗೆ ಮೊದಲೇ ಗೊತ್ತು, ಎತ್ತರ ಮಾತ್ರ ಅಳೆದರೆ ಆಯಿತು. ಸುರಿಯುವ ಕೊಳವೆಯ ಬಾಯಿ ರಾಶಿಯ ತುದಿಗಿಂತ ಒಂದೆರಡು ಸೆಂಟಿಮೀಟರ್ ಮಾತ್ರ ಮೇಲಿರಲಿ. ರಾಶಿ ಏರಿದಂತೆ ಕೊಳವೆಯನ್ನೂ ಏರಿಸಿ. ಎತ್ತರದಿಂದ ಬಿದ್ದರೆ ಬೀಳುವ ಹೊಡೆತಕ್ಕೆ ತುದಿ ಕುಸಿಯುತ್ತದೆ.

ಎಷ್ಟು ಜಾಗ್ರತೆ ಮಾಡಿದರೂ ತುದಿ ಸ್ವಲ್ಪ ಬೋಳಾಗುತ್ತದೆ. ಇದು ಲೆಕ್ಕವನ್ನು ಹೇಗೆ ಕೆಡಿಸುತ್ತದೆ ನೋಡಿ. ಮುಚ್ಚಳದ ಅಗಲ 20 ಸೆಂಟಿಮೀಟರ್, ಅಂದರೆ ತ್ರಿಜ್ಯ 10. ಅಂಚಿನ ಮಟ್ಟದಿಂದ ತುದಿಗೆ ಎತ್ತರ 6.3 ಸೆಂಟಿಮೀಟರ್ ಬಂತು ಎಂದುಕೊಳ್ಳಿ. ಭಾಗಿಸಿದರೆ 0.63, ಕೋನ 32.2 ಡಿಗ್ರಿ. ಈಗ ತುದಿಯನ್ನೂ ಬುಡವನ್ನೂ ಬಿಟ್ಟು ನಡುವಿನ ಓರೆಯನ್ನು ಮಾತ್ರ ಹಿಡಿಯಿರಿ. ಅಡ್ಡಕ್ಕೆ 6 ಸೆಂಟಿಮೀಟರ್ ಹೋದರೆ ಎತ್ತರ 4 ಸೆಂಟಿಮೀಟರ್ ಏರಿದೆ. ಭಾಗಿಸಿದರೆ 0.667, ಕೋನ 33.7. ಒಂದೇ ರಾಶಿ, ಒಂದೂವರೆ ಡಿಗ್ರಿ ವ್ಯತ್ಯಾಸ. ನಡುವಿನ ಓರೆಯದ್ದೇ ಸರಿಯಾದ ಉತ್ತರ.

ನಡುವಿನ ಓರೆ ಅಳೆಯಲು ಫೋನಿನ ಫೋಟೊ ಸಾಕು. ರಾಶಿಯ ಹಿಂದೆ ಒಂದು ದಾರಕ್ಕೆ ಭಾರ ಕಟ್ಟಿ ತೂಗುಹಾಕಿ, ಫೋಟೊದಲ್ಲಿ ನೇರ ಯಾವುದೆಂದು ಅದರಿಂದ ತಿಳಿಯುತ್ತದೆ. ಫೋನನ್ನು ರಾಶಿಯ ಮಟ್ಟಕ್ಕೆ ಇಳಿಸಿ, ದೂರ ನಿಂತು ಝೂಮ್ ಮಾಡಿ ತೆಗೆಯಿರಿ. ಮೇಲಿಂದ ತೆಗೆದ ಫೋಟೊದಲ್ಲಿ ಕೋನ ನಿಜದ್ದಾಗಿರುವುದಿಲ್ಲ. ಪ್ರಿಂಟ್ ಮೇಲೆ ಕೋನಮಾಪಕ ಇಟ್ಟು ಎರಡೂ ಬದಿಯ ಓರೆ ಅಳೆದು ಸರಾಸರಿ ತೆಗೆಯಿರಿ. ಒಂದೇ ರಾಶಿಯಿಂದ ತೃಪ್ತಿಪಡಬೇಡಿ. ಕೆಲವು ಸಲ ಸುರಿದು ನೋಡಿದರೆ ಒಂದೆರಡು ಡಿಗ್ರಿ ಆಚೀಚೆ ಆಗುವುದು ಸಹಜ. ಅಂಥದ್ದರಲ್ಲಿ ‘33.72 ಡಿಗ್ರಿ’ ಎಂದು ಬರೆಯುವುದು ಸುಳ್ಳು ನಿಖರತೆ. ‘34 ಡಿಗ್ರಿ, ಒಂದು ಡಿಗ್ರಿ ಆಚೀಚೆ’ ಎಂದರೆ ಸಾಕು. ಗುಣಾಂಕಕ್ಕೆ ತಂದರೆ ಅದು 0.65ರಿಂದ 0.70.

ಟ್ರೇಯ ಪರೀಕ್ಷೆಯಲ್ಲಿ ಒಂದು ಮೋಸ ಇದೆ. ಹೊಯ್ಗೆ ತನ್ನೊಳಗೆ ಜಾರದೆ, ಇಡಿಯಾಗಿ ಟ್ರೇಯ ತಳದ ಮೇಲೆ ಜಾರಿಬಿಡಬಹುದು. ಪತ್ತೆ ಮಾಡುವುದು ಸುಲಭ. ಜಾರಿದ ಮೇಲೆ ಮೇಲಿನ ತುದಿಯಲ್ಲಿ ಟ್ರೇಯ ಬರಿ ತಳ ಕಂಡರೆ ನೀವು ಅಳೆದದ್ದು ಸ್ಟೀಲಿನ ಮೇಲೆ ಹೊಯ್ಗೆಯ ಘರ್ಷಣೆ. ಅದು ಬೇರೆಯೇ ಸಂಖ್ಯೆ, ಸಾಮಾನ್ಯವಾಗಿ ಕಡಿಮೆ. ತಪ್ಪಿಸಲು ತಳಕ್ಕೆ ಅಂಟು ಹಚ್ಚಿ ಅದೇ ಹೊಯ್ಗೆಯನ್ನು ಒಂದು ಪದರ ಉದುರಿಸಿ ಒಣಗಿಸಿ. ಮೇಲೆ 4–5 ಸೆಂಟಿಮೀಟರ್ ದಪ್ಪಕ್ಕೆ, ಅಂಚಿನ ಮಟ್ಟದವರೆಗೆ ಹೊಯ್ಗೆ ತುಂಬಿ. ಪದರ ತೀರ ತೆಳುವಾದರೆ ಒರಟು ತಳ ಅದನ್ನು ಹಿಡಿದುಕೊಳ್ಳುತ್ತದೆ, ಕೋನ ಜಾಸ್ತಿ ಬರುತ್ತದೆ. ಟ್ರೇ ಇಕ್ಕಟ್ಟಾಗಿದ್ದರೆ ಎರಡು ಬದಿಯ ಗೋಡೆಗಳೂ ಹಾಗೆಯೇ ಹಿಡಿಯುತ್ತವೆ. ಅಡ್ಡ ಒಂದು ಗೇಣಿಗಿಂತ ಕಡಿಮೆ ಬೇಡ.

ಮೊದಲು ಹೊಯ್ಗೆಯನ್ನು ಮೆಲ್ಲಗೆ ಸುರಿದು, ತಟ್ಟದೆ, ಸ್ಕೇಲ್‌ನಿಂದ ಮೇಲ್ಮೈ ಸವರಿ ಎತ್ತಿ ನೋಡಿ. ಹೊರಟ ಕೋನ, ನಿಂತ ಕೋನ ಎರಡನ್ನೂ ಬರೆದುಕೊಳ್ಳಿ. ನಿಂತ ಕೋನ ಎಂದರೆ ಜಾರಿದ ಮೇಲೆ ಹೊಯ್ಗೆಯ ಮೇಲ್ಮೈ ನೆಲಕ್ಕೆ ಮಾಡುವ ಕೋನ, ಟ್ರೇಯ ಕೋನವಲ್ಲ. ಆಮೇಲೆ ಅದೇ ಹೊಯ್ಗೆಯನ್ನು ತುಂಬಿ, ಟ್ರೇಯ ಬದಿಗೆ ತಟ್ಟಿ ತಟ್ಟಿ ಕೂರಿಸಿ. ತಟ್ಟುವಾಗ ಮೇಲ್ಮೈ ತಗ್ಗುವುದು ಕಣ್ಣಿಗೇ ಕಾಣುತ್ತದೆ. ತಗ್ಗಿದಷ್ಟು ಹೊಯ್ಗೆ ಮತ್ತೆ ಸೇರಿಸಿ, ಎತ್ತಿ. ಹೊರಡುವ ಕೋನ ಈ ಸಲ ಜಾಸ್ತಿ, ನಿಲ್ಲುವ ಕೋನ ಮಾತ್ರ ಹತ್ತಿರ ಹತ್ತಿರ ಮೊದಲಿನದ್ದೇ. ಈ ನಾಲ್ಕು ಸಂಖ್ಯೆಗಳು ಒಂದೇ ಪುಟದಲ್ಲಿದ್ದರೆ ನಿಮ್ಮ ಪ್ರಶ್ನೆಗೆ ಉತ್ತರ ನಿಮ್ಮ ರೆಕಾರ್ಡ್‌ನಲ್ಲೇ ಸಿಕ್ಕಿದಂತೆ. ಎತ್ತುವಾಗ ಟ್ರೇ ಅಲುಗಬಾರದು. ಅಲುಗಿದರೆ ಕಾಳುಗಳು ಒಂದು ಕ್ಷಣ ಕುಳಿಯಿಂದ ಏಳುತ್ತವೆ, ಬೇಗನೆ ಜಾರುತ್ತವೆ. ಅಡಿಗೆ ಸ್ಕ್ರೂ ಜಾಕ್ ಅಥವಾ ಒಂದೊಂದಾಗಿ ತೆಳು ಪುಸ್ತಕ ಇಟ್ಟು ಎತ್ತುವುದು ಕೈಯಲ್ಲಿ ಎತ್ತುವುದಕ್ಕಿಂತ ಮೇಲು.

ಉಳಿದದ್ದು ಪಸೆ ಹೊಯ್ಗೆಯ 50 ಡಿಗ್ರಿ. ಇಲ್ಲಿ tanθ = μ ಎಂಬ ಸೂತ್ರವೇ ಮುರಿಯುತ್ತದೆ. ಆ ಸೂತ್ರದಲ್ಲಿ ತಡೆ ಎಂದರೆ ಒತ್ತುವ ಬಲದ ಒಂದು ಪಾಲು ಮಾತ್ರ. ಒತ್ತದಿದ್ದರೆ ತಡೆಯೂ ಇಲ್ಲ. ಪಸೆ ಇದ್ದಾಗ ಹಾಗಲ್ಲ. ಕಾಳೂ ಕಾಳೂ ತಾಗುವಲ್ಲಿ ನೀರಿನ ಸಣ್ಣ ಸೇತುವೆ ಇರುತ್ತದೆ. ಅದರ ಮೇಲ್ಮೈ ಸೆಳೆತ ಎರಡು ಕಾಳುಗಳನ್ನು ಹತ್ತಿರಕ್ಕೆ ಎಳೆಯುತ್ತದೆ. ಮೇಲಿಂದ ಏನೂ ಒತ್ತದಿದ್ದರೂ ಈ ಹಿಡಿತ ಇದ್ದೇ ಇರುತ್ತದೆ. ಕೋಟೆಗಳನ್ನು ಕಟ್ಟುತ್ತಿದ್ದ ಫ್ರೆಂಚ್ ಎಂಜಿನಿಯರ್ ಕೂಲಂಬ್, ವಿದ್ಯುತ್ ಪಾಠದಲ್ಲಿ ನೀವು ಓದಿದ ಅದೇ ಕೂಲಂಬ್, 1773ರಲ್ಲೇ ಮಣ್ಣಿನ ತಡೆಯನ್ನು ಹೀಗೆ ಎರಡು ಭಾಗ ಮಾಡಿ ಬರೆದರು: ಒತ್ತಡವನ್ನು ಅವಲಂಬಿಸಿದ ಘರ್ಷಣೆ ಒಂದು, ಒತ್ತಡ ಎಷ್ಟೇ ಇರಲಿ ಬದಲಾಗದ ಅಂಟು ಇನ್ನೊಂದು. ಒಣ ಹೊಯ್ಗೆಯಲ್ಲಿ ಎರಡನೆಯದು ಸೊನ್ನೆ. ರಾಶಿಯ ಕೋನದಿಂದ ಗುಣಾಂಕ ನೇರವಾಗಿ ಸಿಗುವುದು ಆಗ ಮಾತ್ರ.

ಅಂಟು ಇದ್ದರೆ ಗಾತ್ರವೂ ಲೆಕ್ಕಕ್ಕೆ ಬರುತ್ತದೆ. ಮೇಲೆ ತೂಕ ಎರಡೂ ಕಡೆ ಹೊಡೆದು ಹೋಯಿತು ಅಂದೆನಲ್ಲ, ಇಲ್ಲಿ ಹಾಗೆ ಹೋಗುವುದಿಲ್ಲ. ಸಣ್ಣ ರಾಶಿಯಲ್ಲಿ ತೂಕ ಕಡಿಮೆ, ಅಂಟೇ ಗೆಲ್ಲುತ್ತದೆ. ದೊಡ್ಡ ರಾಶಿಯಲ್ಲಿ ತೂಕ ಜಾಸ್ತಿ, ಅಂಟು ಸಾಲುವುದಿಲ್ಲ. ಅಂದಾಜಿಗೆ ಒಂದು ಲೆಕ್ಕ ಮಾಡೋಣ. ಪಸೆ ಹೊಯ್ಗೆಯ ಅಂಟು c ಒಂದು ಕಿಲೊಪ್ಯಾಸ್ಕಲ್ ಎಂದು ಹಿಡಿಯಿರಿ, ಅಂದರೆ ಚದರ ಮೀಟರ್‌ಗೆ ಸುಮಾರು 100 ಕಿಲೊ ತೂಕದಷ್ಟು. ಹೊಯ್ಗೆಯ ತೂಕ γ ಘನ ಮೀಟರ್‌ಗೆ 16 ಕಿಲೊನ್ಯೂಟನ್, ಆಂತರಿಕ ಘರ್ಷಣೆಯ ಕೋನ φ 34 ಡಿಗ್ರಿ. ಈ ಹೊಯ್ಗೆಯನ್ನು ನೆಟ್ಟಗೆ ಕಡಿದರೆ ಎಷ್ಟು ಎತ್ತರ ನಿಲ್ಲುತ್ತದೆ? ಆ ಎತ್ತರ H:

H = (4c/γ) × tan(45° + φ/2) = (4 × 1/16) × tan 62° = 0.25 × 1.88 = 0.47 ಮೀಟರ್

ಸುಮಾರು ಅರ್ಧ ಮೀಟರ್. ಅಷ್ಟರವರೆಗೆ ಓರೆ 90 ಡಿಗ್ರಿ! ಹಾಗಂತ ಗುಣಾಂಕ ಅನಂತ ಎಂದು ಯಾರೂ ಬರೆಯುವುದಿಲ್ಲ ಅಲ್ವಾ? ನಿಮ್ಮ 50 ಡಿಗ್ರಿಯೂ ಇದೇ ಜಾತಿಯದ್ದು. ಅದೇ ಪಸೆ ಹೊಯ್ಗೆಯನ್ನು ಗುಡ್ಡದಷ್ಟು ಎತ್ತರ ಒಟ್ಟಿದ್ದರೆ 50ರಲ್ಲಿ ನಿಲ್ಲುತ್ತಿರಲಿಲ್ಲ. ನಮ್ಮಲ್ಲಿ ಮುರಕಲ್ಲಿನ ಗುಡ್ಡವನ್ನು ನೆಟ್ಟಗೆ ಕಡಿದರೂ ವರ್ಷಗಟ್ಟಲೆ ನಿಲ್ಲುವುದು ಕೂಡ ಅಂಟಿನ ಬಲದಿಂದಲೇ. ಆದರೆ ಅದು ಕಾಳುಗಳನ್ನು ಗಟ್ಟಿಯಾಗಿ ಬೆಸೆದ ಅಂಟು, ನೀರಿನ ಸೇತುವೆಯಲ್ಲ.

ನೀರಿನ ಸೇತುವೆಗೆ ಎರಡು ಶತ್ರು: ಬಿಸಿಲು ಮತ್ತು ಜಾಸ್ತಿ ನೀರು. ಬಿಸಿಲಿಗೆ ಆರಿದರೆ ಸೇತುವೆ ಇಲ್ಲ. ಪೂರ್ತಿ ಮುಳುಗಿದರೆ ಗಾಳಿಯೂ ನೀರೂ ಸೇರುವ ಮೇಲ್ಮೈಯೇ ಇಲ್ಲ, ಹಾಗಾಗಿ ಸೆಳೆತವೂ ಇಲ್ಲ. ನಿಂತ ನೀರಿನ ಅಡಿಯಲ್ಲಿ ಸುರಿದ ಹೊಯ್ಗೆಯ ರಾಶಿ ಒಣ ರಾಶಿಯಷ್ಟೇ ಓರೆಯಲ್ಲಿ ಕೂರುತ್ತದೆ. ಬಕೆಟ್‌ನಲ್ಲಿ ಮಾಡಿ ನೋಡಿ. ನೀರು ಎತ್ತುವ ಬಲ ಎಳೆತವನ್ನೂ ಒತ್ತಡವನ್ನೂ ಒಂದೇ ಪ್ರಮಾಣದಲ್ಲಿ ಕಡಿಮೆ ಮಾಡುತ್ತದೆ, ಭಾಗಿಸಿದರೆ ಅದೇ ಉತ್ತರ. ಕಡಲ ಕರೆಯಲ್ಲಿ ಮಕ್ಕಳು ಬೆಳಗ್ಗೆ ತೋಡಿದ ಗುಂಡಿಯ ಬದಿ ನೆಟ್ಟಗೆ ನಿಂತಿರುತ್ತದೆ, ಮಧ್ಯಾಹ್ನ ಆರಿದ ಮೇಲೆ ಯಾರೂ ಮುಟ್ಟದೆ ಕುಸಿಯುತ್ತದೆ. ಸೊಂಟಕ್ಕಿಂತ ಆಳದ ಗುಂಡಿಗೆ ಇಳಿಯಲು ಯಾರನ್ನೂ ಬಿಡಬೇಡಿ.

ರೆಕಾರ್ಡ್‌ನಲ್ಲಿ ಹೀಗೆ ಬರೆಯಬಹುದು. ‘ಸಡಿಲವಾಗಿ ಸುರಿದ ಒಣ ಹೊಯ್ಗೆಯ ವಿಶ್ರಾಂತಿ ಕೋನ 34 ಡಿಗ್ರಿ, ಒಂದು ಡಿಗ್ರಿ ಆಚೀಚೆ; ಆಂತರಿಕ ಘರ್ಷಣಾ ಗುಣಾಂಕ ಸುಮಾರು 0.67.’ ಅದರ ಕೆಳಗೆ: ‘ತಟ್ಟಿ ಕೂರಿಸಿದ ಅದೇ ಹೊಯ್ಗೆ ಜಾರಲು ಶುರುವಾದದ್ದು 38–39 ಡಿಗ್ರಿಗೆ, ಇದರಲ್ಲಿ ಹೊಯ್ಗೆ ಉಬ್ಬಲು ಬೇಕಾದ ಬಲವೂ ಸೇರಿದೆ.’ ಪಸೆ ಹೊಯ್ಗೆಯದ್ದನ್ನು ಬರೆಯಲೇಬೇಕೆಂದಿದ್ದರೆ ರಾಶಿಯ ಎತ್ತರವನ್ನೂ ಜೊತೆಗೆ ಬರೆಯಿರಿ. ಎತ್ತರ ಹೇಳದ 50 ಡಿಗ್ರಿಯಿಂದ ಓದುವವರಿಗೆ ಏನೂ ತಿಳಿಯುವುದಿಲ್ಲ. ಹೊಯ್ಗೆ ಎಲ್ಲಿಯದ್ದು, ತೊಳೆದದ್ದೋ ಇಲ್ಲವೋ, ಯಾವ ಜರಡಿ, ಮುಚ್ಚಳದ ಅಗಲ ಎಷ್ಟು ಎಂಬುದನ್ನೂ ಸೇರಿಸಿ. ಪರೀಕ್ಷಕರು ಗುಣಾಂಕ ಒಂದೇ ಇರಬೇಕಲ್ಲ ಎಂದು ಕೇಳಿದರೆ ಟ್ರೇಯನ್ನು ಅವರ ಮುಂದೆಯೇ ಒಮ್ಮೆ ತಟ್ಟದೆ, ಒಮ್ಮೆ ತಟ್ಟಿ ಎತ್ತಿ ತೋರಿಸಿ.